ತಂಗಿಗೆ ಆರು ತಿಂಗಳ ಮಲಯಾಳಂ ಪ್ಲಾನ್: ಜೂನ್‌ನಿಂದ ನವೆಂಬರ್

ಫೋನಲ್ಲಿ ಹೇಳಿದ್ದನ್ನೇ ಬರೆದಿದ್ದೀನಿ, ಅಡುಗೆಮನೆ ಗೋಡೆಗೆ ಅಂಟಿಸಿಕೋ. ನೀನು ಮೆಡಿಕಲ್ ಶಾಪ್‌ನಿಂದ ಬಂದು, ಊಟ ಮುಗಿಸಿ ಕೂರೋದು ಎಂಟೂಕಾಲಿಗೆ. ಒಂಬತ್ತಕ್ಕೆ ಎದ್ದುಬಿಡು. ಸೋಮವಾರದಿಂದ ಶುಕ್ರವಾರ, ದಿನಕ್ಕೆ ಮುಕ್ಕಾಲು ಗಂಟೆ. ಶನಿವಾರ ಬರೀ ಕೇಳೋದು, ಭಾನುವಾರ ರಜೆ. ಲೆಕ್ಕ ಹಾಕಿದರೆ ಆರು ತಿಂಗಳಿಗೆ ನೂರು ಗಂಟೆಯ ಹತ್ತಿರ ಬರುತ್ತೆ. ಅಷ್ಟರಲ್ಲಿ ಕಾದಂಬರಿ ಓದೋಕೆ ಆಗಲ್ಲ, ಆದರೆ ಕೇರಳದ ಇರಿಟ್ಟಿ ಕಡೆಯಿಂದ ವಿರಾಜಪೇಟೆಗೆ ಬರುವ ಗಿರಾಕಿಗೆ ಮಾತ್ರೆ ಹೇಗೆ ತಗೋಬೇಕು ಅಂತ ಅವರ ಭಾಷೆಯಲ್ಲೇ ಹೇಳಬಹುದು. ನಿನಗೆ ಬೇಕಾಗಿದ್ದೂ ಅದೇ ಅಲ್ವಾ?

ಜೂನ್: ಮೊದಲ ಎರಡು ವಾರ ಅಕ್ಷರ ಬೇಡ, ಬರೀ ಕಿವಿ ಮತ್ತು ಬಾಯಿ. ಒನ್ನ್, ರಂಡ್, ಮೂನ್ನ್‌ನಿಂದ ನೂರರವರೆಗೆ ಸಂಖ್ಯೆ, ಆಮೇಲೆ ಬೆಳಿಗ್ಗೆಗೆ ರಾವಿಲೆ, ಮಧ್ಯಾಹ್ನಕ್ಕೆ ಉಚ್ಚಯ್ಕ್ಕ್, ರಾತ್ರಿಗೆ ರಾತ್ರಿಯೇ. ಕನ್ನಡದ ಹ ಎಷ್ಟೋ ಕಡೆ ಅಲ್ಲಿ ಪ ಆಗಿರುತ್ತೆ: ಹಾಲು ಪಾಲ್, ಹುಲಿ ಪುಲಿ, ಹಲ್ಲು ಪಲ್ಲ್. ಬ ಇದ್ದ ಕಡೆ ವ: ಬೇರು ವೇರ್, ಬೆಲೆ ವಿಲ. ಇಂಥ ಜೋಡಿಗಳನ್ನು ದಿನಕ್ಕೆ ಐದು ಬರೆ. ಕನ್ನಡ ಬಂದವರಿಗೆ ಇದು ದೊಡ್ಡ ಲಾಭ, ಇದನ್ನು ಬಿಟ್ಟು ಇಂಗ್ಲಿಷ್ ಮೂಲಕ ಕಲಿಸುವ ಪುಸ್ತಕ ಹಿಡಿದರೆ ಸುಮ್ನೆ ಸುತ್ತುದಾರಿ.

ಮಳೆಗಾಲದಲ್ಲಿ ಕರೆಂಟ್, ನೆಟ್‌ವರ್ಕ್ ಎರಡನ್ನೂ ನಂಬಬೇಡ. ಆಡಿಯೋ ಎಲ್ಲಾ ಭಾನುವಾರವೇ ಡೌನ್‌ಲೋಡ್ ಮಾಡಿಡು. ಪದಗಳು ರಟ್ಟಿನ ಚೀಟಿಯಲ್ಲಿರಲಿ, ಒಂದು ಕಡೆ ಕನ್ನಡ, ಇನ್ನೊಂದು ಕಡೆ ಮಲಯಾಳಂ. ಹೊಸ ಚೀಟಿಯನ್ನು ಮಾರನೇ ದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು, ಮತ್ತೆ ಹದಿನೈದು ದಿನಕ್ಕೆ ತೆಗೆದು ನೋಡು. ಮರೆತದ್ದು ಮೊದಲ ಕಟ್ಟಿಗೆ ವಾಪಸ್. ಮೇಣದಬತ್ತಿ ಬೆಳಕಲ್ಲೂ ಇದು ನಡೆಯುತ್ತೆ.

ಜೂನ್ ಕೊನೆಗೆ ಅಕ್ಷರ ಶುರು ಮಾಡಿ ಜುಲೈ ಪೂರ್ತಿ ಅದರಲ್ಲೇ ಇರು. ಕ ಖ ಗ ಘ ಕ್ರಮ ನಮ್ಮದೇ, ರೂಪ ಮಾತ್ರ ಬೇರೆ. ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಬೇಡ. ನ್, ಣ್, ರ್, ಲ್, ಳ್ ಪದದ ಕೊನೆಗೆ ಬಂದಾಗ ಅವಕ್ಕೆ ಬೇರೆಯೇ ಅಕ್ಷರ ಇದೆ, ಚಿಲ್ಲು ಅಂತಾರೆ, ಅದಕ್ಕೆ ಒಂದು ವಾರ ಕೊಡು. ಹಳೇ ಪುಸ್ತಕದಲ್ಲಿ ಒತ್ತಕ್ಷರ ಬೇರೆ ಥರ ಕಂಡರೆ ಗಾಬರಿ ಬೇಡ, 1971ರಲ್ಲಿ ಲಿಪಿ ಸರಳ ಮಾಡಿದ್ದಾರೆ, ನೀನು ಹೊಸದನ್ನೇ ಕಲಿ. ಉಚ್ಚಾರಣೆಯಲ್ಲಿ ಮಾತ್ರ ಬಿಗಿಯಾಗಿರು. ಪನಿ ಅಂದರೆ ಜ್ವರ, ಪಣಿ ಅಂದರೆ ಕೆಲಸ. ಕೌಂಟರ್‌ನಲ್ಲಿ ನಿಂತವಳಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಆಗಸ್ಟ್: ಕ್ರಿಯಾಪದ. ಇದು ಸಲೀಸು. ನಮ್ಮಲ್ಲಿ ಹೋದೆ, ಹೋದ, ಹೋದಳು, ಹೋದರು. ಅಲ್ಲಿ ಞಾನ್ ಪೋಯಿ, ಅವನ್ ಪೋಯಿ, ಅವಳ್ ಪೋಯಿ, ಅವರ್ ಪೋಯಿ. ಹಾಗಾಗಿ ಬಾ, ಹೋಗು, ಕೊಡು, ತಿನ್ನು ಥರದ ಮೂವತ್ತು ಕ್ರಿಯಾಪದ ಆರಿಸಿ ಮೂರೂ ಕಾಲದಲ್ಲಿ ಜೋರಾಗಿ ಹೇಳು, ಸಾಕು.

ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬದ ವಾರ ಪಾಠ ಇಲ್ಲ. ಉಳಿದದ್ದೆಲ್ಲ ಅಂಗಡಿ ಮಾತು, ಈ ಪ್ಲಾನ್‌ನ ಜೀವ ಇರೋದೇ ಇಲ್ಲಿ. ಮರುನ್ನ್ ಔಷಧ, ಗುಳಿಕ ಮಾತ್ರೆ, ಚುಮ ಕೆಮ್ಮು, ತಲವೇದನ ತಲೆನೋವು. "ಎತ್ರ ದಿವಸಮಾಯಿ?" ಎಷ್ಟು ದಿನ ಆಯ್ತು ಅಂತ. "ಭಕ್ಷಣತ್ತಿನು ಶೇಷಂ" ಊಟ ಆದ ಮೇಲೆ, "ಮುನ್ಪ್" ಮೊದಲು. ದಿನಾ ಅಂಗಡಿಯಲ್ಲಿ ನಡೆದ ಒಂದು ಮಾತುಕತೆಯನ್ನು ರಾತ್ರಿ ಮಲಯಾಳಂನಲ್ಲಿ ಬರೆ, ಗೊತ್ತಿಲ್ಲದ ಕಡೆ ಕನ್ನಡವೇ ಇರಲಿ, ಮಾರನೇ ದಿನ ಪಕ್ಕದ ಬೇಕರಿ ಚೇಟನ ಹತ್ತಿರ ಆ ಜಾಗ ಮಾತ್ರ ಕೇಳಿ ತುಂಬಿಸು. ಡೋಸ್ ವಿಷಯದಲ್ಲಿ ಅನುಮಾನ ಬಂದರೆ ಮಲಯಾಳಂ ಪ್ರಯೋಗ ಬೇಡ. ಗಿರಾಕಿಗೆ ತಿಳಿಯುವ ಭಾಷೆ ಬಲ್ಲವರನ್ನು ಕರೆದು ಹೇಳಿಸು, ಕವರ್ ಮೇಲೂ ಬರೆಸು.

ಅಕ್ಟೋಬರ್: ಕೇಳೋದು. ಆಕಾಶವಾಣಿಯ ಮಲಯಾಳಂ ವಾರ್ತೆಯನ್ನು ಮೊಬೈಲ್‌ನಲ್ಲಿ ಹಾಕಿ ಮೊದಲು ಸುಮ್ನೆ ಕೇಳು, ಎರಡನೇ ಸಲ ಗೊತ್ತಾದ ಪದ ಬರೆದುಕೋ. ಪೇಪರ್‌ನ ಹೆಡ್‌ಲೈನ್ ದಿನಾ ಎರಡು. ವಾರ್ತೆಯ ಮಲಯಾಳಂ ಬೇರೆ, ಕಣ್ಣೂರಿನವರ ಬಾಯಲ್ಲಿ ಬರುವುದು ಬೇರೆ. ನಿನ್ನ ಗಿರಾಕಿಗಳು ಮಾತಾಡುವ ರೀತಿಗೇ ಕಿವಿ ಕೊಡು.

ನವೆಂಬರ್: ಹೊಸ ಪದ ನಿಲ್ಲಿಸು. ಕಾಫಿ ಕೊಯ್ಲು ಶುರುವಾದರೆ ಮನೆಯಲ್ಲಿ ಯಾರಿಗೂ ಪುರುಸೊತ್ತಿರಲ್ಲ, ಅದಕ್ಕೇ ಇಲ್ಲಿಗೆ ಮುಗಿಸೋದು. ಹಳೇ ಚೀಟಿ ತಿರುವು, ವಾರಕ್ಕೆ ಎರಡು ರಾತ್ರಿ ನನಗೆ ಫೋನ್ ಮಾಡು, ಹತ್ತು ನಿಮಿಷ ಕನ್ನಡ ಬರಲೇಬಾರದು. ಮಳೆ ನಿಂತಿರುತ್ತೆ, ಒಂದು ಭಾನುವಾರ ಮಾಕುಟ್ಟ ಘಾಟಿ ಇಳಿದು ಇರಿಟ್ಟಿಗೆ ಹೋಗೋಣ. ಬಸ್ ಕೇಳೋದು, ಊಟ ಹೇಳೋದು, ಮೀನಿಗೆ ಚೌಕಾಸಿ, ಎಲ್ಲಾ ನೀನೇ. ನಾನು ಬಾಯಿ ಬಿಡಲ್ಲ.

ಒಂದು ವಾರ ತಪ್ಪಿದರೆ ಹಿಂದಿನದನ್ನು ಒಟ್ಟಿಗೆ ಮುಗಿಸೋಕೆ ಹೋಗಬೇಡ. ಚೀಟಿ ಮಾತ್ರ ನೋಡಿಕೊಂಡು ಆ ದಿನದ ಪಾಠದಿಂದಲೇ ಮುಂದುವರಿ. ಜೂನ್ ಒಂದರೊಳಗೆ ಬೇಕಾದ್ದು ಇಷ್ಟೇ: ಇನ್ನೂರು ಪುಟದ ನೋಟ್‌ಬುಕ್, ರಟ್ಟು, ಇಯರ್‌ಫೋನ್, ಮಕ್ಕಳ ಅಕ್ಷರಮಾಲೆ ಪುಸ್ತಕ. ಪುಸ್ತಕ ನಾನು ತರ್ತೀನಿ.