ಕೆಲಸ ಬಿಟ್ಟು ಹೊರಟವರ ಜೊತೆ ಕೂತು ಕೇಳುವ ಪ್ರಶ್ನೆಗಳು

(ಕಾರವಾರದ ನಮ್ಮ ಹೋಟೆಲ್ ಮತ್ತು ಲಾಡ್ಜ್‌ನಿಂದ ಈ ಮೇ ಕೊನೆಗೆ ಬಿಡುತ್ತಿರುವ ಸಪ್ಲಾಯರ್, ರೂಮ್ ಬಾಯ್, ಅಡುಗೆಯವರು, ಕ್ಲೀನಿಂಗ್‌ನವರು, ರಿಸೆಪ್ಷನ್‌ನವರು ಎಲ್ಲರಿಗೂ)

ಮೊದಲು ದುಡ್ಡಿನ ಮಾತು. ಬಾಕಿ ಸಂಬಳ, ಉಳಿದ ರಜೆಯ ಹಣ, ಪಿಎಫ್‌ನ ಯುಎಎನ್ ನಂಬರಿನ ಚೀಟಿ, ಅನುಭವ ಪತ್ರ ಎಲ್ಲವೂ ಈಗಾಗಲೇ ನಿಮ್ಮ ಕೈಯಲ್ಲಿರಬೇಕು. ಐದು ವರ್ಷ ತುಂಬಿದ ಕಾಯಂ ನೌಕರರಾದರೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಗ್ರಾಚ್ಯುಟಿಯೂ ಸೇರಿ. ಇದರಲ್ಲಿ ಒಂದು ಬಂದಿಲ್ಲವೆಂದರೂ ಮುಂದಿನ ಪ್ರಶ್ನೆಗೆ ಹೋಗಬೇಡಿ, ಅದನ್ನೇ ಹೇಳಿ. ತನ್ನ ದುಡ್ಡು ಇನ್ನೊಬ್ಬರ ಗಲ್ಲಾದಲ್ಲಿರುವಾಗ ಯಾರು ತಾನೇ ಬಾಯಿ ಬಿಡುತ್ತಾರೆ?

ನಾನು ಇಲ್ಲಿ ಲೆಕ್ಕ ಬರೆಯುವವಳು, ನಿಮಗೆ ಡ್ಯೂಟಿ ಹಾಕುವವಳಲ್ಲ. ಮ್ಯಾನೇಜರ್, ಕ್ಯಾಪ್ಟನ್ ಯಾರೂ ಕೂರುವುದಿಲ್ಲ. ಹಿಂದಿನ ಬಾವಿಕಟ್ಟೆಯ ಹತ್ತಿರ ಚಹಾ ಕುಡಿಯುತ್ತ ಮಾತಾಡೋಣ. ಕೊಂಕಣಿಯಲ್ಲಿ ಹೇಳಿ, ಹಿಂದಿಯಲ್ಲಿ ಹೇಳಿ, ಬೇಡವೆನಿಸಿದ ಪ್ರಶ್ನೆ ಬಿಡಿ. ಹೆಸರು ಬರೆಯುವುದಿಲ್ಲ. ಆದರೂ ಇರುವುದೇ 26 ಜನ, ಮಾತಿನ ಧಾಟಿಯಿಂದಲೇ ಯಾರೆಂದು ತಿಳಿದುಬಿಡುತ್ತದೆ. ಅದಕ್ಕೇ ಎಲ್ಲರ ಉತ್ತರ ಕೂಡಿಸಿ, ಜುಲೈನಲ್ಲಿ, ನನ್ನ ಮಾತಿನಲ್ಲಿ ಮಾಲೀಕರಿಗೆ ಹೇಳುತ್ತೇನೆ.

1. ರಾಜೀನಾಮೆಯಲ್ಲಿ 'ಮನೆಯಲ್ಲಿ ತೊಂದರೆ' ಎಂದು ಬರೆದಿದ್ದೀರಿ. ಕಳೆದ ವರ್ಷ ಹೋದವರೂ ಹಾಗೇ ಬರೆದರು, ಅವರಲ್ಲಿ ಮೂವರು ಈಗ ಕಾಣಕೋಣದ ಕಡೆ ಕೆಲಸ ಮಾಡುತ್ತಿದ್ದಾರೆ. ತಪ್ಪೇನಿಲ್ಲ. ಬಿಡಬೇಕೆಂದು ಮೊದಲು ಅನಿಸಿದ್ದು ಯಾವ ದಿನ? ಅವತ್ತು ಏನಾಗಿತ್ತು?

2. ಆಮೇಲೂ ಇಷ್ಟು ದಿನ ನಿಂತಿರಿ. ಯಾವುದಕ್ಕಾಗಿ ನಿಂತಿರಿ?

3. ಮಧ್ಯಾಹ್ನ ಮೂರೂವರೆಗೆ ಬಿಟ್ಟು ಆರಕ್ಕೆ ಮತ್ತೆ ಬರುವ ಬ್ರೇಕ್ ಶಿಫ್ಟಿನಲ್ಲಿ ಆ ಎರಡೂವರೆ ತಾಸು ಎಲ್ಲಿ ಕಳೆಯುತ್ತಿದ್ದಿರಿ? ಮಲಗಲು ಆಗುತ್ತಿತ್ತೋ, ಇಲ್ಲ 'ಸ್ವಲ್ಪ ಈರುಳ್ಳಿ ಹೆಚ್ಚಿಕೊಡು' ಎಂದು ಕರೆ ಬರುತ್ತಿತ್ತೋ? ಕಳೆದ ವಾರ ಹಾಗೆ ಎಷ್ಟು ಸಲ ಕರೆದರು?

4. ಸ್ಟಾಫ್ ಊಟ. ಇದರ ಬಗ್ಗೆ ಉದ್ದಕ್ಕೇ ಹೇಳಿ, ನನಗೆ ಬೇಸರವಿಲ್ಲ. ಗಿರಾಕಿಗೆ ಬಿಸಿ ಇಸವಾಣ ಫ್ರೈ ಕೊಟ್ಟು ಬಂದು ನೀವು ಕೂತಾಗ ತಟ್ಟೆಯಲ್ಲಿ ಏನಿರುತ್ತಿತ್ತು? ಹಿಂದಿನ ರಾತ್ರಿಯ ಅನ್ನ ವಾರದಲ್ಲಿ ಎಷ್ಟು ದಿನ ಬಂತು? ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಆಗ ಮೀನು ತುಟ್ಟಿ ಎಂದು ನಿಮ್ಮ ತಟ್ಟೆಯಿಂದ ಮೊದಲು ಏನು ಕಡಿಮೆಯಾಗುತ್ತಿತ್ತು? ಹಸಿದು ಡ್ಯೂಟಿಗೆ ನಿಂತ ದಿನ ಇದೆಯೇ?

5. ಮೇಲಿನ ಕೋಣೆ ಮಳೆಗಾಲದಲ್ಲಿ ಎಲ್ಲೆಲ್ಲಿ ಸೋರುತ್ತದೆ? ನಿಮ್ಮ ಹಾಸಿಗೆ ಎಷ್ಟು ಸಲ ಒದ್ದೆಯಾಯಿತು? ಹೇಳಿದಾಗ ಯಾರು ಬಂದು ನೋಡಿದರು?

6. ಟಿಪ್ಸ್ ಡಬ್ಬಿ ನಿಮ್ಮ ಕಣ್ಣೆದುರೇ ತೆರೆಯುತ್ತಿದ್ದರೇ? ತಟ್ಟೆ ತೊಳೆಯುವವರಿಗೆ ಪಾಲು ಸಿಗುತ್ತಿತ್ತೇ? ಗ್ಲಾಸ್ ಒಡೆದರೆ, ಗಿರಾಕಿ ಬಿಲ್ ಕೊಡದೆ ಎದ್ದುಹೋದರೆ ಯಾರ ಜೇಬಿನಿಂದ ಕತ್ತರಿಸುತ್ತಿದ್ದರು? ನಿಮ್ಮಿಂದ ಕತ್ತರಿಸಿದ ಮೊತ್ತ ನೆನಪಿದ್ದರೆ ಹೇಳಿ, ನಾನು ಪುಸ್ತಕದಲ್ಲಿ ನೋಡುತ್ತೇನೆ. ಪುಸ್ತಕದಲ್ಲಿಲ್ಲದ ಕಡಿತ ಇದ್ದರೆ ಅದು ನನಗೂ ತಿಳಿಯಬೇಕು.

7. ಸಂಬಳ ಎಷ್ಟಿದ್ದರೆ ಉಳಿಯುತ್ತಿದ್ದಿರಿ? ಒಂದು ಅಂಕಿ ಸಾಕು.

8. ಹೊಸ ಹುಡುಗ ಬಂದರೆ 'ಇವರ ಎದುರು ಸ್ವಲ್ಪ ಜಾಗ್ರತೆ' ಎಂದು ಯಾರನ್ನು ತೋರಿಸುತ್ತೀರಿ? ಬೈಗುಳ ಅಡುಗೆಮನೆಯಲ್ಲಿ ಸಾಮಾನ್ಯ ಎನ್ನುತ್ತಾರೆ, ಸಾಮಾನ್ಯ ಮೀರಿದ್ದು ಯಾವಾಗ?

ಹೆಣ್ಣುಮಕ್ಕಳಿಗೆ ಇನ್ನೊಂದು: ರೂಮ್ ಕ್ಲೀನ್ ಮಾಡಲು ಒಬ್ಬರೇ ಹೋಗಲು ಹಿಂಜರಿದದ್ದು ಯಾವ ಗಿರಾಕಿಯಿಂದ, ಅಥವಾ ನಮ್ಮವರಲ್ಲೇ ಯಾರಿಂದ? ಇಂಥದ್ದನ್ನು ಕೇಳಿ ಸುಮ್ಮನಿರಲು ನನ್ನಿಂದಾಗದು. ಆದರೆ ನಿಮ್ಮನ್ನು ಕೇಳದೆ ಮುಂದೆ ಒಯ್ಯುವುದೂ ಇಲ್ಲ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆಂತರಿಕ ಸಮಿತಿಗೆ ದೂರು ಕೊಡಲು ಘಟನೆಯಿಂದ ಮೂರು ತಿಂಗಳ ಅವಕಾಶವಿದೆ, ಕೆಲಸ ಬಿಟ್ಟ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ.

9. ಗಿರಾಕಿಗೆ ಗೊತ್ತಾದರೆ ನಮ್ಮ ಮಾನ ಹೋಗುವಂಥದ್ದು ಇಲ್ಲಿ ಏನು ನಡೆಯುತ್ತದೆ? ಎಣ್ಣೆ, ಬೆಡ್‌ಶೀಟ್, ಫ್ರಿಜ್, ಯಾವುದಾದರೂ ಸರಿ. ನೀವು ಮಾಡಿದ್ದೀರಾ ಎಂದು ಕೇಳುತ್ತಿಲ್ಲ.

10. ನಿಮ್ಮ ತಮ್ಮ ಬರುವ ಅಕ್ಟೋಬರಿನಲ್ಲಿ ಇಲ್ಲಿಗೆ ಕೆಲಸಕ್ಕೆ ಹೊರಟರೆ ಅವನ ಕಿವಿಯಲ್ಲಿ ಏನು ಹೇಳಿ ಕಳಿಸುತ್ತೀರಿ? ಕಳಿಸುವುದೇ ಇಲ್ಲವೆಂದರೆ, ಏನು ಬದಲಾದರೆ ಕಳಿಸುತ್ತೀರಿ?

ಇಲ್ಲಿ ಕೂತು ಹೇಳಲಾಗದ್ದು ಊರು ಮುಟ್ಟಿದ ಮೇಲೆ ನೆನಪಾದರೆ ನನ್ನ ವಾಟ್ಸ್‌ಆ್ಯಪ್‌ಗೆ ಮಾತಾಡಿ ಕಳಿಸಿ, ಬರೆಯುವುದೇ ಬೇಡ. ಚಹಾ ಆರುವ ಮೊದಲು ಕುಡಿಯಿರಿ.