ರಾತ್ರಿ ಹೊತ್ತಿನ ಮೊಬೈಲ್ ಬಳಕೆ ಮತ್ತು ಹದಿಹರೆಯದವರ ನಿದ್ದೆ: ಸಂಶೋಧನಾ ಪ್ರಸ್ತಾವನೆ, ಭಾಗ 5 – ನೈತಿಕತೆ ಮತ್ತು ಒಪ್ಪಿಗೆ

5.1 ಯಾರ ಜೊತೆ, ಏನು

ಈ ಅಧ್ಯಯನದಲ್ಲಿ ಎರಡು ಶಾಲೆಗಳ 14ರಿಂದ 17 ವರ್ಷದ 60 ವಿದ್ಯಾರ್ಥಿಗಳು ಭಾಗವಹಿಸುತ್ತಾರೆ. ಎಲ್ಲರೂ ಒಂದು ವಾರದ ನಿದ್ದೆಯ ಡೈರಿ ತುಂಬುತ್ತಾರೆ. ಜೊತೆಗೆ ಹಗಲಿನ ತೂಕಡಿಕೆಯ ಬಗ್ಗೆ 8 ಪ್ರಶ್ನೆಗಳ ಒಂದು ಪ್ರಶ್ನಾವಳಿ ಇರುತ್ತದೆ. ಅವರಲ್ಲಿ ಇಷ್ಟವಿರುವ 12 ಜನರ ಜೊತೆ ಸುಮಾರು 30 ನಿಮಿಷದ ಸಂದರ್ಶನ ಮಾಡುತ್ತೇನೆ. ಇದು ನನ್ನ ಮನಃಶಾಸ್ತ್ರ ಎಂ.ಎ. ಪ್ರಬಂಧದ ಭಾಗ. ವಿಭಾಗದ ನೈತಿಕ ಸಮಿತಿಯ ಲಿಖಿತ ಅನುಮತಿ ಸಿಗುವವರೆಗೆ ಯಾವ ಶಾಲೆಯ ಮಕ್ಕಳನ್ನೂ ಭೇಟಿಯಾಗುವುದಿಲ್ಲ.

ವಿಷಯ ಮೇಲ್ನೋಟಕ್ಕೆ ಸಾಧಾರಣ. ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ, ಮೊಬೈಲ್ ಎಲ್ಲಿತ್ತು, ಇಷ್ಟೇ ಅಲ್ವಾ ಅನ್ನಿಸಬಹುದು. ಆದರೆ ಮನೆಯಲ್ಲಿ "ಹನ್ನೊಂದಕ್ಕೇ ಮಲಗಿದೆ" ಎಂದು ಹೇಳಿರುವ ಹುಡುಗಿ ನನ್ನ ಡೈರಿಯಲ್ಲಿ ಒಂದೂವರೆ ಎಂದು ಬರೆದರೆ, ಆ ಹಾಳೆ ಅವಳಿಗೆ ತೊಂದರೆ ತರಬಲ್ಲದು. ಈ ಅಧ್ಯಯನದ ದೊಡ್ಡ ಅಪಾಯ ಪ್ರಶ್ನೆಗಳಲ್ಲಿಲ್ಲ. ಉತ್ತರಗಳು ಮನೆಯವರ ಅಥವಾ ಟೀಚರ್ ಕೈಗೆ ಸಿಗುವುದೇ ಅಪಾಯ. ಕೆಳಗಿನ ಬಹುಪಾಲು ಏರ್ಪಾಡು ಇದನ್ನು ತಪ್ಪಿಸುವುದಕ್ಕೇ ಇದೆ.

5.2 ಎರಡು ಒಪ್ಪಿಗೆ, ಎರಡೂ ಬೇಕು

1947ರ ನ್ಯೂರೆಂಬರ್ಗ್ ಸಂಹಿತೆಯ ಮೊದಲ ಅಂಶವೇ ಸ್ವಂತ ಇಚ್ಛೆಯ ಒಪ್ಪಿಗೆ. ಅದು ಮಕ್ಕಳ ವಿಷಯಕ್ಕೆ ಸಾಲದು, ಯಾಕೆಂದರೆ 18 ತುಂಬದವರು ಕಾನೂನಿನ ಪ್ರಕಾರ ಸಾಮಾನ್ಯವಾಗಿ ಒಬ್ಬರೇ ಒಪ್ಪಿಗೆ ಕೊಡುವಂತಿಲ್ಲ. 1964ರಲ್ಲಿ ಶುರುವಾಗಿ ಹಲವು ಬಾರಿ ತಿದ್ದುಪಡಿಯಾದ ಹೆಲ್ಸಿಂಕಿ ಘೋಷಣೆ ಈಗ ಇದಕ್ಕೆ ದಾರಿ ತೋರಿಸುತ್ತದೆ: ಪೋಷಕರ ಅನುಮತಿಯ ಜೊತೆಗೆ, ಅರ್ಥಮಾಡಿಕೊಂಡು ಹೇಳಬಲ್ಲ ಮಗುವಿನ ಸಮ್ಮತಿಯನ್ನೂ ಕೇಳಬೇಕು, ಮಗು ಬೇಡ ಅಂದರೆ ಅದನ್ನು ಗೌರವಿಸಬೇಕು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೂ ಮಗುವಿಗೆ ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಕೊಡುತ್ತದೆ.

ಹಾಗಾಗಿ ನಿಯಮ ಸರಳವಾಗಿದೆ. ಪೋಷಕರು ಹೂಂ ಅಂದು ವಿದ್ಯಾರ್ಥಿ ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಕಾರಣ ಕೇಳುವುದಿಲ್ಲ, ಮನೆಗೆ ತಿಳಿಸುವುದಿಲ್ಲ. ವಿದ್ಯಾರ್ಥಿಗೆ ಇಷ್ಟವಿದ್ದು ಪೋಷಕರು ಬೇಡ ಅಂದರೂ ಸೇರಿಸಿಕೊಳ್ಳುವುದಿಲ್ಲ. "ಬೇಡದಿದ್ದರೆ ಮಾತ್ರ ಚೀಟಿ ವಾಪಸ್ ಕಳಿಸಿ, ಬರದಿದ್ದರೆ ಒಪ್ಪಿಗೆ ಎಂದುಕೊಳ್ಳುತ್ತೇವೆ" ಎನ್ನುವ ಪದ್ಧತಿಯನ್ನು ಬಳಸುವುದಿಲ್ಲ. ಅದರಲ್ಲಿ ಜಾಸ್ತಿ ಜನ ಸಿಗುತ್ತಾರೆ, ನಿಜ. ಆದರೆ ಚೀಟಿ ಬ್ಯಾಗಿನ ತಳದಲ್ಲೇ ಉಳಿದುಹೋದರೆ ಅದನ್ನು ಒಪ್ಪಿಗೆ ಎಂದು ಲೆಕ್ಕ ಹಾಕುವುದು ಸರಿಯಲ್ಲ. ಅಧ್ಯಯನದ ನಡುವೆ ಯಾರಿಗಾದರೂ 18 ತುಂಬಿದರೆ ಅವರಿಂದಲೇ ಹೊಸದಾಗಿ ಒಪ್ಪಿಗೆ ಪಡೆಯುತ್ತೇನೆ.

ಶಾಲೆಯ ಮುಖ್ಯಸ್ಥರ ಅನುಮತಿ ಅಂದರೆ ಒಳಗೆ ಬರಲು ಅನುಮತಿ, ಅಷ್ಟೇ. ಅದನ್ನು ಮಕ್ಕಳ ಒಪ್ಪಿಗೆ ಎಂದು ಎಣಿಸುವುದಿಲ್ಲ.

5.3 ಕೇಳುವ ರೀತಿ

ಟೀಚರ್ ಎದುರಿಗೆ "ಯಾರ್ಯಾರು ಸೇರ್ತೀರಿ, ಕೈ ಎತ್ತಿ" ಅಂದರೆ ಬೇಡ ಅನ್ನುವ ಧೈರ್ಯ ಎಷ್ಟು ಮಕ್ಕಳಿಗೆ ಇರುತ್ತದೆ? ಆದ್ದರಿಂದ ತರಗತಿಯಲ್ಲಿ ವಿಷಯ ವಿವರಿಸುವುದು ನಾನೇ, ಆ ಹತ್ತು ನಿಮಿಷ ಟೀಚರ್ ಹೊರಗಿರುತ್ತಾರೆ. ತರಗತಿಯ ಪ್ರತಿಯೊಬ್ಬರಿಗೂ ಒಂದೇ ಬಗೆಯ ಲಕೋಟೆ ಕೊಡುತ್ತೇನೆ. ಒಳಗೆ ಪೋಷಕರ ಪತ್ರ, ವಿದ್ಯಾರ್ಥಿಯ ಪತ್ರ, ಎರಡು ಒಪ್ಪಿಗೆ ಹಾಳೆ ಇರುತ್ತವೆ. ಒಂದು ವಾರದ ನಂತರ ಎಲ್ಲರೂ ಲಕೋಟೆ ಅಂಟಿಸಿ ಪೆಟ್ಟಿಗೆಗೆ ಹಾಕುತ್ತಾರೆ. ಸಹಿ ಇದ್ದರೂ ಅಷ್ಟೇ, ಖಾಲಿ ಇದ್ದರೂ ಅಷ್ಟೇ. ಯಾರು ಒಪ್ಪಿದರು ಎಂಬ ಪಟ್ಟಿಯನ್ನು ಶಾಲೆಗೆ ಕೊಡುವುದಿಲ್ಲ.

ಸಹಿ ಇದ್ದಾಕ್ಷಣ ಅರ್ಥವಾಗಿದೆ ಎಂದಲ್ಲ. ಡೈರಿ ಶುರುವಾಗುವ ಮುಂಚೆ ಪ್ರತಿಯೊಬ್ಬರ ಜೊತೆ ಎರಡು ನಿಮಿಷ ಮಾತಾಡುತ್ತೇನೆ. "ಅರ್ಥ ಆಯ್ತಾ" ಎಂದು ಕೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಅದರ ಬದಲು ಮೂರು ಪ್ರಶ್ನೆ ಕೇಳುತ್ತೇನೆ: ನೀವು ಏನು ಮಾಡಬೇಕಾಗುತ್ತದೆ? ಮಧ್ಯದಲ್ಲಿ ಸಾಕು ಅನ್ನಿಸಿದರೆ ಏನು ಮಾಡ್ತೀರಿ? ನೀವು ಹೇಳಿದ ಯಾವ ಮಾತನ್ನು ನಾನು ಬೇರೆಯವರಿಗೆ ಹೇಳಲೇಬೇಕಾಗಬಹುದು? ಮೂರನೆಯದಕ್ಕೆ ಉತ್ತರ ಬರದಿದ್ದರೆ ಮತ್ತೆ ವಿವರಿಸುತ್ತೇನೆ.

ಅಂಕ, ಹಾಜರಾತಿ, ಪ್ರಮಾಣಪತ್ರ ಯಾವುದೂ ಇಲ್ಲ. ಭಾಗವಹಿಸಿದವರಿಗೆ ಧನ್ಯವಾದವಾಗಿ ಒಂದು ಸಣ್ಣ ನೋಟ್‌ಬುಕ್ ಕೊಡುತ್ತೇನೆ. ಮೊದಲ ದಿನವೇ ಬಿಟ್ಟುಹೋದವರಿಗೂ ಅದು ಸಿಗುತ್ತದೆ.

5.4 ಡೈರಿ ಮತ್ತು ಮೊಬೈಲ್

ಡೈರಿ ಮನೆಗೆ ಹೋಗುವುದಿಲ್ಲ. ಶಾಲೆ ಇರುವ ದಿನ ಬೆಳಗ್ಗೆ ಲೈಬ್ರರಿಯಲ್ಲಿ ಮೂರು ನಿಮಿಷ ಕೂತು ಒಂದು ಹಾಳೆ ತುಂಬಿ, ಬೀಗ ಹಾಕಿದ ಪೆಟ್ಟಿಗೆಗೆ ಹಾಕುವುದು. ಹಾಳೆಯ ಮೇಲೆ ಹೆಸರಿಲ್ಲ, ಕೋಡ್ ನಂಬರ್ ಮಾತ್ರ. ರಜಾದಿನದ ರಾತ್ರಿಗಳ ವಿವರವನ್ನು ಮರುದಿನದ ಬದಲು ಶಾಲೆ ತೆರೆದ ದಿನ ನೆನಪಿನಿಂದ ಬರೆಯಬೇಕಾಗುತ್ತದೆ. ನಿಖರತೆ ಕಡಿಮೆಯಾಗುತ್ತದೆ, ಗೊತ್ತು. ಹಾಸಿಗೆ ಪಕ್ಕ ಡೈರಿ ಇಡಿಸಿದರೆ ಮಾಹಿತಿ ಚೆನ್ನಾಗಿ ಸಿಗುತ್ತಿತ್ತು, ಆದರೆ ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದಿತ್ತು. ಲೈಬ್ರರಿಗೆ ಯಾರು ಬಂದರು ಎನ್ನುವುದು ಸಹಪಾಠಿಗಳ ಕಣ್ಣಿಗೆ ಬೀಳುತ್ತದೆ. ಅದನ್ನು ಪೂರ್ತಿ ಮುಚ್ಚಿಡಲು ಆಗದು, ಹಾಗಾಗಿ ವಿದ್ಯಾರ್ಥಿಯ ಪತ್ರದಲ್ಲಿ ಮೊದಲೇ ಹೇಳಿದ್ದೇನೆ.

ಮೊಬೈಲನ್ನು ನಾನು ಕೈಗೆ ತೆಗೆದುಕೊಳ್ಳುವುದಿಲ್ಲ. ಸ್ಕ್ರೀನ್‌ಶಾಟ್ ಕೇಳುವುದಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕಾಣುವ ಒಟ್ಟು ಬಳಕೆಯ ನಿಮಿಷಗಳನ್ನು ವಿದ್ಯಾರ್ಥಿಯೇ ನೋಡಿ ಹಾಳೆಯಲ್ಲಿ ಬರೆಯುತ್ತಾರೆ. ಯಾವ ಆ್ಯಪ್, ಯಾರ ಮೆಸೇಜ್ ಎಂಬುದು ನನಗೆ ಬೇಡ. ಆ ಮೆಸೇಜ್ ಕಳಿಸಿದ ಸ್ನೇಹಿತ ಈ ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟಿಲ್ಲವಲ್ಲ.

5.5 ಕೈಬಿಟ್ಟ ಒಂದು ಪ್ರಶ್ನಾವಳಿ

ಮೊದಲ ಯೋಜನೆಯಲ್ಲಿ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಸೇರಿತ್ತು. ಅದರ ಒಂಬತ್ತನೇ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯ ಬಗ್ಗೆ ಇದೆ. ಅದಕ್ಕೆ ಹೌದು ಎಂದು ಬರೆದವರ ಹಾಳೆಯನ್ನು ಅದೇ ದಿನ ನೋಡಿ, ಅದೇ ದಿನ ನೆರವು ಕೊಡಿಸಬೇಕು. ಕೋಡ್ ನಂಬರಿನ ಹಾಳೆಗಳನ್ನು ವಾರದ ಕೊನೆಗೆ ಒಟ್ಟಿಗೆ ತೆರೆಯುವ ನನ್ನ ವಿಧಾನದಲ್ಲಿ ಅದು ಸಾಧ್ಯವಿಲ್ಲ. ನನ್ನ ಸಂಶೋಧನಾ ಪ್ರಶ್ನೆಗೆ ಖಿನ್ನತೆಯ ಅಂಕ ಅಗತ್ಯವೂ ಅಲ್ಲ. ಆದ್ದರಿಂದ ತೆಗೆದಿದ್ದೇನೆ.

ಉಳಿದಿರುವ ತೊಂದರೆಗಳು ಚಿಕ್ಕವು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂಬುದು ತಜ್ಞರ ಶಿಫಾರಸು. ತಾನು ಆರೇ ಗಂಟೆ ಮಲಗುತ್ತಿದ್ದೇನೆ ಎಂದು ಬರೆದು ನೋಡಿದಾಗ ಕೆಲವರಿಗೆ ಗಾಬರಿಯಾಗಬಹುದು. ಡೈರಿ ಮುಗಿದ ಮೇಲೆ ಎಲ್ಲರಿಗೂ ಒಂದು ಪುಟದ ಮಾಹಿತಿ ಕೊಡುತ್ತೇನೆ. ಹದಿಹರೆಯದಲ್ಲಿ ದೇಹದ ಗಡಿಯಾರವೇ ತಡವಾಗಿ ಓಡುತ್ತದೆ, ಎಲ್ಲವೂ ಸೋಮಾರಿತನವಲ್ಲ ಎಂಬುದೂ ಅದರಲ್ಲಿದೆ. ನೇರ ಲಾಭ ಇದಕ್ಕಿಂತ ಜಾಸ್ತಿ ಇದೆ ಎಂದು ಯಾರಿಗೂ ಭರವಸೆ ಕೊಡುವುದಿಲ್ಲ.

5.6 ಸಂದರ್ಶನ, ಮತ್ತು ಗುಟ್ಟು ಕಾಯಲಾಗದ ಸಂದರ್ಭ

ಸಂದರ್ಶನ ಶಾಲೆಯ ಸಮಯದಲ್ಲೇ, ಗಾಜಿನ ಬಾಗಿಲಿರುವ ಕೋಣೆಯಲ್ಲಿ ನಡೆಯುತ್ತದೆ. ಹೊರಗಿನವರಿಗೆ ನಾವು ಕಾಣಬೇಕು, ಮಾತು ಕೇಳಿಸಬಾರದು. ಯಾವ ಪ್ರಶ್ನೆಯನ್ನಾದರೂ ಬಿಡಬಹುದು. "ಸಾಕು" ಎಂದು ಹೇಳಲು ಮುಜುಗರವಾದರೆ ಮೇಜಿನ ಮೇಲಿನ ಕೆಂಪು ಕಾರ್ಡ್ ಮಗುಚಿಟ್ಟರೆ ಆಯಿತು, ರೆಕಾರ್ಡಿಂಗ್ ನಿಲ್ಲಿಸುತ್ತೇನೆ.

ವಿದ್ಯಾರ್ಥಿಗೆ ಯಾರಾದರೂ ಹಿಂಸೆ ಕೊಡುತ್ತಿದ್ದಾರೆ ಅಥವಾ ಅವರು ತಮಗೆ ತಾವೇ ಅಪಾಯ ಮಾಡಿಕೊಳ್ಳಬಹುದು ಎಂದು ತಿಳಿದರೆ ಗುಟ್ಟು ಕಾಯಲು ಆಗದು. ಆಗ ರೆಕಾರ್ಡಿಂಗ್ ನಿಲ್ಲಿಸಿ, ಮುಂದೆ ಏನು ಮಾಡುತ್ತೇನೆಂದು ಮೊದಲು ವಿದ್ಯಾರ್ಥಿಗೇ ಹೇಳುತ್ತೇನೆ. ಜೊತೆಯಲ್ಲಿ ಯಾರಿರಬೇಕು ಎಂದು ಕೇಳುತ್ತೇನೆ. ಅದೇ ದಿನ ಶಾಲೆಯ ಕೌನ್ಸೆಲರ್‌ಗೂ ನನ್ನ ಗೈಡ್‌ಗೂ ತಿಳಿಸುತ್ತೇನೆ. ಅಪಾಯ ಮನೆಯಿಂದಲೇ ಇದ್ದರೆ ಪೋಷಕರಿಗೆ ನಾನಾಗಿ ಫೋನ್ ಮಾಡುವುದಿಲ್ಲ. ಮುಂದಿನ ಹೆಜ್ಜೆಯನ್ನು ಮಕ್ಕಳ ರಕ್ಷಣೆಯ ಕಾನೂನಿನಂತೆ ಕೌನ್ಸೆಲರ್ ನಿರ್ಧರಿಸುತ್ತಾರೆ. ನಾನು ಚಿಕಿತ್ಸಕಿಯಲ್ಲ, ಸಂದರ್ಶನದ ನಡುವೆ ಆ ಪಾತ್ರ ವಹಿಸುವುದೂ ಇಲ್ಲ.

5.7 ಮಾಹಿತಿ ಕಾಯುವುದು

ಹೆಸರು ಮತ್ತು ಕೋಡ್ ನಂಬರಿನ ಪಟ್ಟಿ ಒಂದೇ ಪ್ರತಿ ಇರುತ್ತದೆ, ಅದು ಗೈಡ್ ಅವರ ಬೀರುವಿನಲ್ಲಿ. ಉಳಿದದ್ದು ಪಾಸ್‌ವರ್ಡ್ ಇರುವ, ಎನ್‌ಕ್ರಿಪ್ಟ್ ಮಾಡಿದ ಲ್ಯಾಪ್‌ಟಾಪಿನಲ್ಲಿ. ಸಂದರ್ಶನಗಳನ್ನು ನಾನೇ ಕೇಳಿ ಟೈಪ್ ಮಾಡುತ್ತೇನೆ, ತಾಳೆ ನೋಡಿದ ಮೇಲೆ ಧ್ವನಿಯನ್ನು ಅಳಿಸುತ್ತೇನೆ. ಸಂದರ್ಶನವಾಗಿ ಎರಡು ವಾರದವರೆಗೆ, ಸಂದರ್ಶನವಿಲ್ಲದವರಿಗೆ ಡೈರಿ ಮುಗಿದು ಎರಡು ವಾರದವರೆಗೆ, ಮಾಹಿತಿ ವಾಪಸ್ ಕೇಳಬಹುದು. ಎಲ್ಲರ ಗಡುವು ಮುಗಿದ ಮೇಲೆ ಹೆಸರಿನ ಪಟ್ಟಿ ನಾಶವಾಗುತ್ತದೆ, ಯಾವ ಹಾಳೆ ಯಾರದ್ದೆಂದು ನನಗೂ ತಿಳಿಯುವುದಿಲ್ಲ.

ಹೆಸರು ತೆಗೆದರಷ್ಟೇ ಗುರುತು ಹೋಗುವುದಿಲ್ಲ. "ಶಾಲಾ ತಂಡದ ಗೋಲ್‌ಕೀಪರ್, ಅವಳಿ ತಂಗಿ ಇದ್ದಾಳೆ" ಎಂದು ಬರೆದರೆ ಇಡೀ ಶಾಲೆಗೆ ಯಾರೆಂದು ಗೊತ್ತಾಗುತ್ತದೆ. ಅಂಥ ವಿವರಗಳನ್ನು ಬದಲಿಸುತ್ತೇನೆ ಅಥವಾ ಬಿಡುತ್ತೇನೆ. ಐದಕ್ಕಿಂತ ಕಡಿಮೆ ಜನರಿರುವ ಗುಂಪಿನ ಅಂಕಿಯನ್ನು ಕೋಷ್ಟಕದಲ್ಲಿ ತೋರಿಸುವುದಿಲ್ಲ.

5.8 ಪೋಷಕರ ಪತ್ರ

ಮಾನ್ಯ ಪೋಷಕರೇ,

ನಾನು ಮನಃಶಾಸ್ತ್ರ ಎಂ.ಎ. ವಿದ್ಯಾರ್ಥಿನಿ. ಹದಿಹರೆಯದವರ ನಿದ್ದೆ ಮತ್ತು ರಾತ್ರಿ ಮೊಬೈಲ್ ಬಳಕೆಯ ಬಗ್ಗೆ ಅಧ್ಯಯನ ಮಾಡುತ್ತಿದ್ದೇನೆ. ನಿಮ್ಮ ಮಗ ಅಥವಾ ಮಗಳು ಒಂದು ವಾರ, ಶಾಲೆಯಲ್ಲೇ, ದಿನಕ್ಕೆ ಮೂರು ನಿಮಿಷ ಒಂದು ಹಾಳೆ ತುಂಬಬೇಕು ಮತ್ತು ಒಂದು ಸಣ್ಣ ಪ್ರಶ್ನಾವಳಿಗೆ ಉತ್ತರಿಸಬೇಕು. ಇಷ್ಟವಿದ್ದರೆ ಒಂದು ಸಂದರ್ಶನ, ಅದರ ಧ್ವನಿ ರೆಕಾರ್ಡ್ ಆಗುತ್ತದೆ.

ಅವರ ಉತ್ತರಗಳನ್ನು ನಾನು ನಿಮಗೆ ತೋರಿಸುವುದಿಲ್ಲ. ಇದನ್ನು ಒಪ್ಪಿಕೊಂಡರೆ ಮಾತ್ರ ದಯವಿಟ್ಟು ಸಹಿ ಮಾಡಿ. ಅವರ ಸುರಕ್ಷತೆಗೆ ಅಪಾಯ ಕಂಡರೆ ಸುಮ್ನೆ ಇರುವುದಿಲ್ಲ, ಶಾಲೆಯ ಕೌನ್ಸೆಲರ್‌ಗೆ ತಿಳಿಸುತ್ತೇನೆ. ನೀವು ಬೇಡ ಅಂದರೆ ಅಂಕಗಳ ಮೇಲಾಗಲಿ, ಶಾಲೆಯಲ್ಲಾಗಲಿ ಯಾವ ಪರಿಣಾಮವೂ ಇಲ್ಲ. ನೀವು ಒಪ್ಪಿದರೂ ಕೊನೆಯ ಮಾತು ನಿಮ್ಮ ಮಗುವಿನದ್ದೇ. ನನ್ನ ಮತ್ತು ಗೈಡ್ ಅವರ ಫೋನ್ ನಂಬರ್ ಲಕೋಟೆಯ ಹಿಂಬದಿ ಅಚ್ಚಾಗಿದೆ.

5.9 ವಿದ್ಯಾರ್ಥಿಯ ಪತ್ರ ಮತ್ತು ಸಮ್ಮತಿ

ಕರಡನ್ನು ಪರಿಚಯದ ಇಬ್ಬರು ಹದಿನೈದರ ಹುಡುಗರಿಗೆ ಓದಲು ಕೊಟ್ಟಿದ್ದೆ. ಇಬ್ಬರೂ ಮೊದಲು ಕೇಳಿದ್ದು "ಅಮ್ಮಂಗೆ ಹೇಳ್ತೀರಾ?" ಎಂದು. ಆದ್ದರಿಂದ ಪತ್ರ ಅಲ್ಲಿಂದಲೇ ಶುರುವಾಗುತ್ತದೆ.

ನೀವು ಬರೆದದ್ದನ್ನು, ಹೇಳಿದ್ದನ್ನು ನಿಮ್ಮ ಮನೆಯವರಿಗೂ ಟೀಚರ್‌ಗೂ ತೋರಿಸುವುದಿಲ್ಲ. ಒಂದೇ ಒಂದು ಸಂದರ್ಭ ಬಿಟ್ಟು: ನಿಮಗೆ ಯಾರಾದರೂ ಹಿಂಸೆ ಕೊಡುತ್ತಿದ್ದರೆ, ಅಥವಾ ನೀವೇ ನಿಮಗೆ ಅಪಾಯ ಮಾಡಿಕೊಳ್ಳಬಹುದು ಅನ್ನಿಸಿದರೆ, ನಿಮಗೆ ಹೇಳಿಯೇ ಕೌನ್ಸೆಲರ್‌ಗೆ ತಿಳಿಸುತ್ತೇನೆ. ನೀವು ಲೈಬ್ರರಿಗೆ ಬಂದು ಹಾಳೆ ತುಂಬುವುದು ಕ್ಲಾಸಿನ ಬೇರೆಯವರಿಗೆ ಕಾಣಬಹುದು, ಬರೆದದ್ದು ಕಾಣುವುದಿಲ್ಲ. ಇದು ಪರೀಕ್ಷೆಯಲ್ಲ. ತಡವಾಗಿ ಮಲಗಿದರೆ ಬೈಯುವುದಿಲ್ಲ. ಮನೆಯವರು ಸಹಿ ಮಾಡಿದ್ದರೂ ನೀವು ಬೇಡ ಅನ್ನಬಹುದು. ಇವತ್ತು ಹೂಂ ಅಂದು ನಾಳೆ ಬಿಡಬಹುದು.

ಒಪ್ಪಿಗೆಯಿದ್ದರೆ ಈ ಮಾತುಗಳ ಕೆಳಗೆ ಸಹಿ ಮಾಡಿ:

ಪತ್ರ ಓದಿದ್ದೇನೆ, ಕೇಳಬೇಕಾದ್ದನ್ನು ಕೇಳಿದ್ದೇನೆ. ಒಂದು ವಾರ ಡೈರಿ ಮತ್ತು ಪ್ರಶ್ನಾವಳಿ ತುಂಬಲು ನನಗೆ ಇಷ್ಟವಿದೆ. ಯಾರೂ ಒತ್ತಾಯ ಮಾಡಿಲ್ಲ. ಕಾರಣ ಹೇಳದೆ ಯಾವಾಗ ಬೇಕಾದರೂ ಬಿಡಬಹುದು ಎಂದು ಗೊತ್ತು.

ಸಂದರ್ಶನಕ್ಕೆ ಮತ್ತು ಧ್ವನಿ ರೆಕಾರ್ಡಿಂಗ್‌ಗೆ ಬೇರೆ ಬೇರೆ ಸಹಿ ಇದೆ. ಡೈರಿಗೆ ಹೂಂ ಅಂದು ಸಂದರ್ಶನ ಬೇಡ ಅನ್ನಬಹುದು. ಸಂದರ್ಶನ ಓಕೆ, ರೆಕಾರ್ಡಿಂಗ್ ಬೇಡ ಅಂದರೆ ನಾನು ಕೈಯಲ್ಲೇ ಬರೆದುಕೊಳ್ಳುತ್ತೇನೆ.