ಮುಂದಿನ ವಾರದ ಬೀಟ್ ಪ್ಲಾನ್ (ಕೊಪ್ಪಳ)

ಸರ್, ಮುಂದಿನ ವಾರ ಅಂಗಡಿಗಳಿಗೆ ಹೋಗಿ ಆರ್ಡರ್ ತಗೊಳ್ಳುವ ರೂಟ್ ಹೀಗೆ ಮಾಡಿಕೊಂಡಿದ್ದೇನೆ. ಬೆಳಿಗ್ಗೆ 9.30ರಿಂದ ಸಂಜೆ 6. ಮಧ್ಯಾಹ್ನ ಅಂಗಡಿಯವರು ಊಟಕ್ಕೆ ಹೋಗುವ ಒಂದೂವರೆ ತಾಸು, ಓಡಾಟದ ಒಂದು ತಾಸು ತೆಗೆದರೆ ಉಳಿಯೋದು 6 ತಾಸು. ಅಂಗಡಿಗೆ 12 ನಿಮಿಷ ಹಿಡಿದರೆ ದಿನಕ್ಕೆ 30, ಅದಕ್ಕಿಂತ ಜಾಸ್ತಿ ಹಾಕಬೇಡಿ.

ಸೋಮವಾರ ಗಂಗಾವತಿ, 30 ಅಂಗಡಿ. ರಾತ್ರಿ ಅಲ್ಲೇ ಉಳಿಯುತ್ತೇನೆ, ಯಾಕಂದ್ರೆ ಮಂಗಳವಾರ ಶ್ರೀರಾಮನಗರ ಮುಗಿಸಿಕೊಂಡು ಕಾರಟಗಿಗೆ ಹೋಗಬೇಕು, ಎರಡೂ ಒಂದೇ ದಾರಿ, ಒಟ್ಟು 28. ಕೊಪ್ಪಳಕ್ಕೆ ಬಂದು ಮತ್ತೆ ಹೋದರೆ ಬೆಳಗಿನ ಹೊತ್ತು ಸುಮ್ನೆ ಹಾಳು.

ಬುಧವಾರ ಕೊಪ್ಪಳ, ಭಾಗ್ಯನಗರ, 30. ಗುರುವಾರ ಗಿಣಿಗೇರಿ, ಹಿಟ್ನಾಳ, ಹುಲಗಿ, ಮುನಿರಾಬಾದ್, 26. ಹುಲಗಿಯನ್ನು ಬೇಕಂತಲೇ ಗುರುವಾರ ಇಟ್ಟಿದ್ದೇನೆ ಸರ್. ಮಂಗಳವಾರ, ಶುಕ್ರವಾರ ಹುಲಿಗೆಮ್ಮನ ಗುಡಿಗೆ ಜನ ತುಂಬಿರುತ್ತಾರೆ. ಹೋದ ತಿಂಗಳು ಶುಕ್ರವಾರ ಹೋಗಿ ಕಾಯಿ-ಕುಂಕುಮದ ಗಿರಾಕಿಗಳ ಹಿಂದೆ ಆರ್ಡರ್ ಪುಸ್ತಕ ಹಿಡಿದು 40 ನಿಮಿಷ ನಿಂತೆ, ಕೊನೆಗೆ ಅಂಗಡಿಯಮ್ಮ "ನಾಳೆ ಬಾರಪ್ಪಾ" ಅಂದರು. ಗುರುವಾರ ಹೋದರೆ ಮರುದಿನದ ಗದ್ದಲಕ್ಕೆ ಅವರೇ ಮಾಲು ಕೇಳುತ್ತಾರೆ. ಆದರೆ ಆ ಮಾಲು ಗುರುವಾರ ಸಂಜೆಯೇ ತಲುಪಬೇಕು, ಗಾಡಿಯವರಿಗೆ ನೀವೇ ಒಂದು ಮಾತು ಹೇಳಿ.

ಶುಕ್ರವಾರ ಕುಷ್ಟಗಿ, 28. ಅಲ್ಲಿಗೆ 142 ಅಂಗಡಿ ಆಯ್ತು.

ಶನಿವಾರ ಹೊಸ ಅಂಗಡಿ ಬೇಡ. ಬಾಕಿ ವಸೂಲಿ, ವಾರದಲ್ಲಿ ಬಾಗಿಲು ಹಾಕಿದ್ದ ಅಂಗಡಿಗಳಿಗೆ ಮತ್ತೆ ಹೋಗೋದು, ಒಡೆದ ಮಾಲು ವಾಪಸ್ ತರೋದು ಅಷ್ಟೇ. ಈ ದಿನಕ್ಕೆ ದಯವಿಟ್ಟು ಮೀಟಿಂಗ್ ಇಡಬೇಡಿ ಸರ್.